ಸಂಜೆ ಆರಕ್ಕೆ ಬಾ

"ಚಿಂತಿ ಮಾಡಬ್ಯಾಡ್ರಿ" ಅನ್ನೋ ಮಾತಿನಿಂದ ಯಾರ ಚಿಂತೆಯಾದರೂ ನಿಂತಿದ್ದನ್ನು ನಾನು ನೋಡಿಲ್ಲ. ಆದರೂ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ನಮ್ಮ ಕಾಕಾಗೆ ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ಪ್ರತಿ ವರ್ಷ ಈ ಮಾತನ್ನು ಊರೆಲ್ಲ ಹೇಳುತ್ತಿತ್ತು. ತಿಕೋಟಾ ಕಡೆ ಅವರದು ಮೂರು ಎಕರೆ ದ್ರಾಕ್ಷಿ. ಚಾಟ್ನಿ ಆಗಿ ಹೊಸ ಚಿಗುರು ಬಂದು ಹೂವು ಕಾಯಿ ಕಟ್ಟುವವರೆಗೆ ಬಳ್ಳಿ ಬಲು ಸೂಕ್ಷ್ಮ. ಆಗ ಮಳೆ ಬಂದು ಎಲೆ ರಾತ್ರಿಯಿಡೀ ಒದ್ದೆಯಾಗಿ ಉಳಿದರೆ ಡೌನಿ ರೋಗ ಬರುತ್ತದೆ. ಎಲೆಯ ಮೇಲೆ ಎಣ್ಣೆ ಹತ್ತಿದ ಹಾಗೆ ಹಳದಿ ಮಚ್ಚೆ, ಕೆಳಗೆ ಬಿಳಿ ಬೂಷ್ಟು. ಹೂವಿನ ಗೊಂಚಲಿಗೆ ಹತ್ತಿದರೆ ಆ ವರ್ಷದ ಗಳಿಕೆ ಅಲ್ಲಿಗೇ ಹೋಯಿತು. ಹಾಗಾಗಿ ಕಾಕಾ ಚಿಂತೆ ಮಾಡುವುದರಲ್ಲಿ ತಪ್ಪೇನಿಲ್ಲ. ತೊಂದರೆ ಏನಪ್ಪಾ ಅಂದರೆ ಅವರ ಚಿಂತೆಗೆ ಹೊತ್ತು ಗೊತ್ತು ಇರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಫೋನಿನಲ್ಲಿ ಮೋಡದ ಚಿತ್ರ ನೋಡುವುದು. ಊಟಕ್ಕೆ ಕುಂತಾಗ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಮರೆತುಬಿಡುವುದು. ಮೊಮ್ಮಗಳು ಏನೋ ಕೇಳಿದರೆ "ಹಾಂ?" ಅನ್ನುವುದು.

ನನ್ನದೂ ಹೆಚ್ಚು ಕಡಿಮೆ ಅದೇ ಜಾತಿ. ನಾನು ವಿಜಯಪುರದಲ್ಲಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದ್ರಾಕ್ಷಿ ಇಲ್ಲ, ಅಷ್ಟೇ. ಪುಣೆಯಲ್ಲಿ ಓದುವ ಮಗ ಇದ್ದಾನೆ, ಬಾಗಲಕೋಟೆಯಲ್ಲಿ ಶುಗರ್ ಇರುವ ಅವ್ವ ಇದ್ದಾಳೆ, ಮನೆ ಸಾಲ ಇದೆ. ಒಬ್ಬ ಆಪ್ತಸಮಾಲೋಚಕರು ನನಗೆ ಹೇಳಿಕೊಟ್ಟ ಒಂದು ಪದ್ಧತಿಯನ್ನು ನಾನು ಹಿಡಿದುಕೊಂಡೆ. ಆಮೇಲೆ ಅದನ್ನು ಕಾಕಾನ ತನಕ ಒಯ್ದೆ. ಕೇಳಿದರೆ ನಗು ಬರುವಂಥ ಪದ್ಧತಿ. ದಿನಕ್ಕೆ ಒಂದು ಸಲ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು ಚಿಂತೆ ಮಾಡಬೇಕು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ "ಈಗಲ್ಲ, ಸಂಜೆ ಆರಕ್ಕೆ ಬಾ" ಅನ್ನಬೇಕು.

## ನಿದ್ದೆಯಿಂದ ಬಂದ ವಿಚಾರ

ಇದು ಯಾರೋ ವಾಟ್ಸಾಪ್‌ನಲ್ಲಿ ಹರಿಬಿಟ್ಟ ಉಪಾಯ ಅಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಅವರ ಜೊತೆಗಾರರು 1983ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಆದರೆ ಬೇರು ಇನ್ನೂ ಹಿಂದಿದೆ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಅನ್ನುವವರು ನಿದ್ದೆ ಬಾರದವರಿಗೆ ಒಂದು ಸರಳ ನಿಯಮ ಹೇಳಿದ್ದರು. ಹಾಸಿಗೆ ಇರುವುದು ಮಲಗಲಿಕ್ಕೆ. ಅಲ್ಲಿ ಕೂತು ಓದಬೇಡಿ, ತಿನ್ನಬೇಡಿ, ಲೆಕ್ಕ ಹಾಕಬೇಡಿ. ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಹೋಗಿ, ತೂಕಡಿಕೆ ಬಂದಾಗ ವಾಪಸ್ ಬನ್ನಿ. ಹೊರಳಾಡಿ ಹೊರಳಾಡಿ ಹಾಸಿಗೆ ಅಂದರೆ ಎಚ್ಚರ ಅಂತ ಮೈ ಕಲಿತುಬಿಟ್ಟಿರುತ್ತದೆ. ಆ ಕಲಿಕೆಯನ್ನು ಬಿಡಿಸುವುದು ಅವರ ಉದ್ದೇಶ.

ಬೋರ್ಕೊವೆಕ್ ಅದೇ ತರ್ಕವನ್ನು ಚಿಂತೆಗೆ ಹಚ್ಚಿದರು. ಸದಾ ಚಿಂತೆ ಮಾಡುವವರಿಗೆ ಚಿಂತೆ ಎಲ್ಲ ಜಾಗಕ್ಕೂ ಅಂಟಿಕೊಂಡಿರುತ್ತದೆ. ಬಸ್ಸಿನ ಸೀಟು, ಅಡುಗೆಮನೆಯ ಕಟ್ಟೆ, ದಿಂಬು, ಬಚ್ಚಲು. ಎಲ್ಲಿ ಮನಸ್ಸು ಒಂಚೂರು ಖಾಲಿಯಾಯಿತೋ ಅಲ್ಲಿ ಶುರು. ಒಂದು ಜಾಗದಲ್ಲಿ ಕೂತಾಗ ಹಿಂದಿನ ಸಲ ಅಲ್ಲಿ ಮಾಡಿದ ಚಿಂತೆಯೇ ಮತ್ತೆ ಎದ್ದು ಬರುತ್ತದೆ. ಚಿಂತೆಯನ್ನು ಒಂದು ಕುರ್ಚಿಗೂ ಒಂದು ಹೊತ್ತಿಗೂ ಮಾತ್ರ ಕಟ್ಟಿ ಹಾಕಿದರೆ ಉಳಿದ ಜಾಗಗಳು ನಿಧಾನಕ್ಕೆ ಬಿಡುಗಡೆ ಆಗಬೇಕಲ್ವಾ? ಅದನ್ನೇ ಅವರು ಪರೀಕ್ಷೆ ಮಾಡಿ ನೋಡಿದರು. ಹೆಚ್ಚು ಚಿಂತೆ ಮಾಡುವ ಕಾಲೇಜು ವಿದ್ಯಾರ್ಥಿಗಳನ್ನು ತೆಗೆದುಕೊಂಡು ನಾಲ್ಕು ವಾರ ಈ ನಿಯಮ ಪಾಲಿಸಲು ಹೇಳಿದರು. ನಿಯಮ ಪಾಲಿಸದೆ ಸುಮ್ಮನಿದ್ದವರಿಗಿಂತ ಇವರು ದಿನದಲ್ಲಿ ಚಿಂತೆಗೆ ಕಳೆಯುವ ಹೊತ್ತು ಕಡಿಮೆಯಾಯಿತು ಅಂತ ಹೇಳಿಕೊಂಡರು.

ನಿಯಮ ನಾಲ್ಕೇ ಮಾತಿನದು. ಚಿಂತೆ ಶುರುವಾದದ್ದನ್ನು ಗುರುತಿಸು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ತಾಸು ಇಟ್ಟುಕೊ. ನಡುವೆ ಚಿಂತೆ ಬಂದರೆ ಅಲ್ಲಿಗೆ ಮುಂದೂಡಿ ಕೈಯಲ್ಲಿರುವ ಕೆಲಸಕ್ಕೆ ಮರಳು. ಆ ಅರ್ಧ ತಾಸಿನಲ್ಲಿ ಮನಸಾರೆ ಚಿಂತೆ ಮಾಡು, ದಾರಿ ಇದ್ದರೆ ಹುಡುಕು. ಓದಲಿಕ್ಕೆ ಸುಲಭ. ಮೂರನೆಯದು ಮಾತ್ರ ಕಬ್ಬಿಣದ ಕಡಲೆ. ಅದರ ಬಗ್ಗೆಯೇ ಜಾಸ್ತಿ ಹೇಳಬೇಕಿದೆ.

## ಮುಂದೂಡುವುದು ಹತ್ತಿಕ್ಕುವುದಲ್ಲ

ಕಾಕಾ ಮೊದಲ ಸಲ ಕೇಳಿದಾಗ ಎತ್ತಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಬರೂ ವಿಚಾರಾನ ಬರಬ್ಯಾಡ ಅಂದ್ರ ಬರೂದು ಬಿಡ್ತದೇನು ತಂಗಿ? ಇನ್ನಷ್ಟು ಬರ್ತದ." ಹೌದು, ಇನ್ನಷ್ಟು ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವವರು ಇದನ್ನು ಒಂದು ತಮಾಷೆಯ ಪ್ರಯೋಗದಲ್ಲಿ ತೋರಿಸಿದ್ದಾರೆ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದಷ್ಟು ನೆನೆಯಿರಿ ಅಂತ ಬಿಟ್ಟಾಗ, ಮೊದಲು ಹತ್ತಿಕ್ಕಿದವರಿಗೆ ಕರಡಿ ಇನ್ನೂ ಹೆಚ್ಚು ನೆನಪಾಯಿತು.

ಹಾಗಾದರೆ ಮುಂದೂಡುವುದರಲ್ಲಿ ಏನು ಬೇರೆ? ಬ್ಯಾಂಕಿನ ಕೌಂಟರ್ ಮುಂದೆ ನಿಂತವನಿಗೆ "ಆಗಲ್ಲ, ಹೋಗು" ಅಂದರೆ ಅವನು ದನಿ ಏರಿಸುತ್ತಾನೆ. ಒಂದು ಟೋಕನ್ ಕೊಟ್ಟರೆ ಹೋಗಿ ಬೆಂಚಿನ ಮೇಲೆ ಕೂಡುತ್ತಾನೆ. ಮುಂದೂಡುವಾಗ ನಾವು ವಿಚಾರಕ್ಕೆ "ನೀನು ಸುಳ್ಳು" ಅನ್ನುವುದಿಲ್ಲ, "ಬರಬೇಡ" ಅಂತಲೂ ಅನ್ನುವುದಿಲ್ಲ. ಬಂದದ್ದನ್ನು ಒಪ್ಪಿ, ಹೊತ್ತು ಗೊತ್ತು ಮಾಡಿ ಕಳಿಸುತ್ತೇವೆ. ಟೋಕನ್ ಕೊಟ್ಟ ಮೇಲೆ ಹೆಸರು ಕರೆಯಲೇಬೇಕು. ಸಂಜೆ ಆರಕ್ಕೆ ನಾವು ಕುರ್ಚಿಯಲ್ಲಿ ಕೂಡದಿದ್ದರೆ ನಾಲ್ಕೈದು ದಿನದಲ್ಲಿ ಮನಸ್ಸಿಗೆ ನಮ್ಮ ಮಾತಿನ ಮೇಲೆ ನಂಬಿಕೆ ಹೋಗುತ್ತದೆ. ತುಂಬಾ ಜನ ಇಲ್ಲೇ ಸೋಲುತ್ತಾರೆ. ಹಗಲಿಡೀ ಮುಂದೂಡುತ್ತಾರೆ, ಸಂಜೆ "ಇವತ್ತು ಮನಸ್ಸು ಚಲೋ ಅದ, ಯಾಕ ಸುಮ್ನೆ ಕೆಡಿಸ್ಕೋಬೇಕು" ಅಂತ ಕುರ್ಚಿ ಬಿಟ್ಟು ಟಿವಿ ಮುಂದೆ ಕೂಡುತ್ತಾರೆ. ಮನಸ್ಸು ಚೆನ್ನಾಗಿದ್ದ ದಿನವೂ ಕೂಡಬೇಕು. ಐದು ನಿಮಿಷಕ್ಕೆ ಚಿಂತೆ ಮುಗಿದರೆ ಎದ್ದು ಹೋಗಬಹುದು. ಅದಕ್ಕೆ ಅಡ್ಡಿ ಇಲ್ಲ.

ಮುಂದೂಡುವ ಗಳಿಗೆಯಲ್ಲಿ ಮಾಡುವುದು ಇಷ್ಟೇ. ಚೀಟಿ ಅಥವಾ ಸಣ್ಣ ನೋಟ್‌ಬುಕ್ ತೆಗೆದು ಮೂರ್ನಾಲ್ಕು ಶಬ್ದ ಬರೆಯುವುದು. ಅದಕ್ಕಿಂತ ಜಾಸ್ತಿ ಬರೆಯಬಾರದು. "ಮಗ, ಫೋನ್ ಎತ್ತಲಿಲ್ಲ" ಸಾಕು. "ಮಗ ಫೋನ್ ಎತ್ತಲಿಲ್ಲ, ಮೊನ್ನೆಯೂ ದನಿ ಸಣ್ಣಗಿತ್ತು, ಹಾಸ್ಟೆಲ್‌ನಲ್ಲಿ ಏನಾದರೂ..." ಅಂತ ಬರೆಯಲು ಹೋದರೆ ಅದು ಚೀಟಿ ಬರೆದದ್ದಲ್ಲ, ಅಲ್ಲೇ ಚಿಂತೆ ಮಾಡಿದ್ದು. ಬರೆದ ಮೇಲೆ ಕೈಗೆ ಯಾವ ಕೆಲಸ ಇದೆಯೋ ಅದಕ್ಕೆ ಹೋಗಬೇಕು. ಮೈ, ಕಣ್ಣು, ಕೈ ಸೇರಿ ಮಾಡುವ ಕೆಲಸವಾದರೆ ಒಳ್ಳೇದು. ರೊಟ್ಟಿ ಬಡಿಯುವಾಗ ಹಿಟ್ಟಿನ ಅಂಚು ಸೀಳುತ್ತಿದೆಯಾ ನೋಡುವುದು, ಬೋರ್ಡಿನ ಮೇಲೆ ಬರೆಯುವಾಗ ಅಕ್ಷರ ನೋಡುವುದು. ಮನಸ್ಸು ಎರಡೇ ನಿಮಿಷಕ್ಕೆ ಅದೇ ವಿಚಾರ ಹೊತ್ತು ತರುತ್ತದೆ. ಆಗ ಹೊಸ ಚೀಟಿ ಬೇಡ. "ಬರದೈತಿ, ಆರಕ್ಕೆ" ಅಂದು ಮತ್ತೆ ಕೆಲಸಕ್ಕೆ. ಮೊದಲ ವಾರ ಇದು ಬೇಸರದ ಕೆಲಸ. ಎಷ್ಟು ಸಲ ಅಂತ ಲೆಕ್ಕ ಇಡಲು ಹೋಗಬೇಡಿ, ಇಟ್ಟರೆ ಅದೇ ಇನ್ನೊಂದು ಚಿಂತೆಯಾಗುತ್ತದೆ. ಪದ್ಧತಿ ಹತ್ತುತ್ತಿದೆಯಾ ಅಂತ ತಿಳಿಯಲು ನಾನು ನೋಡುವುದು ಒಂದನ್ನೇ. ವಿಚಾರ ಬಂದದ್ದಕ್ಕೂ ಅದು ಬಂದಿದೆ ಅಂತ ನನಗೆ ಗೊತ್ತಾದದ್ದಕ್ಕೂ ನಡುವಿನ ಹೊತ್ತು ಚಿಕ್ಕದಾಗುತ್ತಿದೆಯಾ? ಮೊದಲು ಅರ್ಧ ತಾಸು ಯೋಚಿಸಿದ ಮೇಲೆ ಅರಿವಾಗುತ್ತಿತ್ತು. ಆಮೇಲಾಮೇಲೆ ಮೊದಲ ವಾಕ್ಯಕ್ಕೇ ಸಿಕ್ಕಿಬೀಳುತ್ತದೆ.

## ಮುಂದೂಡಬಾರದ ಚಿಂತೆ

ಇಲ್ಲಿ ಕಾಕಾ ನನ್ನನ್ನು ಗಟ್ಟಿಯಾಗಿ ಹಿಡಿದರು. ನವೆಂಬರ್ ತಿಂಗಳು. ಅವರ ತೋಟದ ಮನೆಯಲ್ಲಿ ಕೂತಿದ್ದೆವು, ಇಂಡಿ ಕಡೆಯಿಂದ ಮೋಡ ಏರುತ್ತಿತ್ತು. ನಾನು ಚೀಟಿ, ಆರು ಗಂಟೆ ಅಂತ ಹೇಳುತ್ತಿದ್ದೆ. ಕಾಕಾ ಎದ್ದು ನಿಂತರು. "ನೋಡವಾ, ಮಳಿ ಹೊಡದು ನಿಂತ ಮ್ಯಾಲ ನಾ ಬ್ಲೋವರ್ ಹಚ್ಚಲಿಲ್ಲಂದ್ರ ನಿನ್ನ ಆರು ಗಂಟೆ ತಗೊಂಡು ನಾ ಏನ್ ಮಾಡ್ಲಿ? ಡೌನಿ ಕಾಯ್ತದೇನು?"

ಕಾಯುವುದಿಲ್ಲ. ಈ ಪದ್ಧತಿ ಹೇಳಿಕೊಡುವವರು ಬಹಳ ಸಲ ಹೇಳದೆ ದಾಟಿಬಿಡುವ ಜಾಗ ಇದು. ಎಲ್ಲ ಚಿಂತೆಯೂ ಒಂದೇ ತರ ಅಲ್ಲ. ಕೆಲವು ಚಿಂತೆಗೆ ಈಗಲೇ ಮಾಡಬಹುದಾದ ಕೆಲಸ ಒಂದು ಇರುತ್ತದೆ. ಕೆಲವಕ್ಕೆ ಇರುವುದಿಲ್ಲ, ಬರೀ "ಹಿಂಗಾದರೆ?" ಮಾತ್ರ ಇರುತ್ತದೆ. ಚೀಟಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇದಕ್ಕೆ ಇವತ್ತು ಆರು ಗಂಟೆಯೊಳಗೆ ನಾನು ಮಾಡಲೇಬೇಕಾದ ಕೆಲಸ ಏನಾದರೂ ಇದೆಯಾ? ಇದ್ದರೆ ಮಾಡಿ, ಅಥವಾ ಮಾಡುವ ಹೊತ್ತು ಬರೆದಿಡಿ. ಅದು ಚಿಂತೆಯ ಚೀಟಿಗೆ ಸೇರಿದ್ದಲ್ಲ, ಕೆಲಸದ ಪಟ್ಟಿಗೆ ಸೇರಿದ್ದು.

ಕಾಕಾನ ಮಳೆಯನ್ನು ನಾವಿಬ್ಬರೂ ಕೂತು ಬಿಡಿಸಿದೆವು. ಮಳೆ ನಿಂತ ಮೇಲೆ ಬ್ಲೋವರ್‌ನಿಂದ ಎಣ್ಣಿ, ಅಂದರೆ ಔಷಧ, ಹೊಡೆಯುವುದು ಕೆಲಸ. ಅದಕ್ಕೆ ಏನೇನು ಬೇಕು? ಔಷಧ ಮನೆಯಲ್ಲಿರಬೇಕು, ಟ್ರ್ಯಾಕ್ಟರಿಗೆ ಡೀಸೆಲ್ ಇರಬೇಕು, ಡ್ರಮ್ಮಿಗೆ ನೀರು ತುಂಬಿರಬೇಕು, ಆಳಿಗೆ ಹೇಳಿರಬೇಕು. ಇವೆಲ್ಲ ಹಗಲಲ್ಲೇ ಆಗುವಂಥವು. ದಿನಕ್ಕೆ ಎರಡು ಸಲ ಹವಾಮಾನ ನೋಡುವುದೂ ಕೆಲಸವೇ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಲ್ಲಿಗೆ ಕೆಲಸ ಮುಗಿಯಿತು. ಉಳಿದದ್ದು ಏನು? "ರಾತ್ರಿ ಮಳೆ ಬಂದರೆ? ಔಷಧ ಹತ್ತದಿದ್ದರೆ? ಹೋದ ವರ್ಷದ ಹಾಗೆ ಒಣದ್ರಾಕ್ಷಿ ರೇಟು ಬಿದ್ದರೆ? ಸೊಸೈಟಿ ಸಾಲ?" ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಮೋಡ ನೋಡಿದರೆ ಇವುಗಳಲ್ಲಿ ಯಾವುದೂ ಒಂದು ಇಂಚು ಸರಿಯುವುದಿಲ್ಲ. ಇವು ಚೀಟಿಯ ಮಾಲು.

ಒಂದೇ ಚಿಂತೆಯೊಳಗೆ ಎರಡೂ ಸೇರಿಕೊಂಡಿರುವುದೇ ಹೆಚ್ಚು. ಹಾಗಾಗಿ ಅದನ್ನು ಸೀಳಬೇಕು. ಚಿಂತೆಯನ್ನು ಸೀಳಲು ಬರದವನಿಗೆ ಈ ಪದ್ಧತಿ ಎರಡು ತರ ಕೈಕೊಡುತ್ತದೆ. ಒಂದೋ ಎಲ್ಲವೂ ತುರ್ತು ಅಂತ ಕಂಡು ಏನನ್ನೂ ಮುಂದೂಡುವುದಿಲ್ಲ. ಇಲ್ಲವೋ ಮಾಡಬೇಕಾದ ಕೆಲಸವನ್ನೂ ಆರು ಗಂಟೆಗೆ ತಳ್ಳಿ, ಪದ್ಧತಿಯ ಹೆಸರಿನಲ್ಲಿ ಸೋಮಾರಿಯಾಗುತ್ತಾನೆ.

## ಒಂದು ಸಂಜೆಯ ನಾಲ್ಕು ಚೀಟಿ

ನನ್ನ ಜಾಗ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಕುರ್ಚಿ. ಬೇಕಂತಲೇ ಆರಿಸಿದ್ದು. ಅಲ್ಲಿ ನಾನು ಬೇರೆ ಏನೂ ಮಾಡುವುದಿಲ್ಲ, ಪೇಪರ್ ತಿದ್ದುವುದಿಲ್ಲ, ಚಹಾ ಕುಡಿಯುವುದಿಲ್ಲ. ಬಹಳ ಮೆತ್ತಗಿನ ಕುರ್ಚಿ ಆದರೆ ಏಳುವ ಮನಸ್ಸಾಗುವುದಿಲ್ಲ. ಹಾಸಿಗೆ ಅಂತೂ ಬೇಡವೇ ಬೇಡ. ಹೊತ್ತನ್ನೂ ಮಲಗುವ ಹೊತ್ತಿಗೆ ಹತ್ತಿರ ಇಡಬಾರದು. ನಡುವೆ ಎರಡು ಮೂರು ತಾಸಾದರೂ ಬೇಕು, ಇಲ್ಲದಿದ್ದರೆ ಎದ್ದ ಚಿಂತೆ ನೇರ ದಿಂಬಿಗೆ ಬರುತ್ತದೆ. ಫೋನಿನಲ್ಲಿ ಅಲಾರಂ ಇಟ್ಟು ಫೋನನ್ನು ಬೋರಲು ಹಾಕುತ್ತೇನೆ. ಆರೂವರೆಗೆ ಕಡ್ಡಾಯವಾಗಿ ಮಾಡಬೇಕಾದ ಒಂದು ಕೆಲಸ ಮುಂಚೆಯೇ ಗೊತ್ತು ಮಾಡಿರುತ್ತೇನೆ. ನನ್ನ ಪಾಲಿಗೆ ಅದು ಕಾಯಿಪಲ್ಲೆ ತರುವುದು. ಅಲಾರಂ ಹೊಡೆದ ಮೇಲೆ ಹೋಗಲು ಜಾಗ ಇಲ್ಲದಿದ್ದರೆ ಕುರ್ಚಿಯಿಂದ ಏಳುವುದು ಕಷ್ಟ.

ಒಂದು ದಿನದ ಚೀಟಿಗಳನ್ನು ಹೇಳುತ್ತೇನೆ. ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಅವ್ವನ ಫೋನು ಬಂದಿತ್ತು. ಪಾದಕ್ಕೆ ಸಣ್ಣ ಗಾಯ, ಮೂರು ದಿನ ಆದರೂ ಒಣಗಿಲ್ಲ ಅಂದಳು. ಶುಗರ್ ಇರುವವರ ಪಾದದ ಗಾಯ ಸಣ್ಣದಲ್ಲ. ಇದನ್ನು ಆರಕ್ಕೆ ತಳ್ಳುವ ಪ್ರಶ್ನೆಯೇ ಇಲ್ಲ. ತಮ್ಮನಿಗೆ ಫೋನ್ ಮಾಡಿ "ಇವತ್ತ ಡಾಕ್ಟರ್‌ಗೆ ತೋರಿಸು, ಚಪ್ಪಲಿ ಇಲ್ಲದ ತಿರಗಾಡಬ್ಯಾಡ ಅಂತ ಹೇಳು" ಅಂದೆ. ಅದು ಕೆಲಸ, ಹತ್ತು ನಿಮಿಷಕ್ಕೆ ಮುಗಿಯಿತು. ಆದರೆ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಬೆರಳು ಕತ್ತರಿಸಿದ ಅಜ್ಜನ ಚಿತ್ರ ಬಂತು. ಅವ್ವನ ಕಾಲು, ಆಸ್ಪತ್ರೆ, ಯಾರು ನೋಡಿಕೊಳ್ಳುವುದು, ನಾನು ರಜೆ ಹಾಕಬೇಕಾ... ಹೀಗೆ ಹೊರಟಿತು. ಅದು ಚೀಟಿಗೆ ಹೋಯಿತು. "ಅವ್ವ, ಕಾಲು." ಎರಡನೇದು "ಮಗ, ಫೋನ್ ಎತ್ತಲಿಲ್ಲ". ಮೂರನೇದು "ಪ್ರಿನ್ಸಿಪಾಲ್, ಮಾತಾಡಿಸಲಿಲ್ಲ". ನಾಲ್ಕನೇದು "ಕಂತು, ಮಾರ್ಚ್".

ಆರು ಗಂಟೆಗೆ ಒಂದೊಂದೇ ತೆಗೆದೆ. ಮಗ ನಾಲ್ಕಕ್ಕೇ ವಾಪಸ್ ಫೋನ್ ಮಾಡಿದ್ದ, ಲ್ಯಾಬಿನಲ್ಲಿದ್ದನಂತೆ. ಹೊಡೆದು ಹಾಕಿದೆ. ಪ್ರಿನ್ಸಿಪಾಲರ ಚೀಟಿ ನೋಡಿದೆ. ಬೆಳಗ್ಗೆ ಎದೆ ಡವಡವ ಅನ್ನಿಸಿದ್ದು ಈಗ ಬೇಕಂತ ನೆನೆದರೂ ಏಳಲಿಲ್ಲ. ಹಾಗಾದಾಗ ಬಲವಂತವಾಗಿ ಎಬ್ಬಿಸಬಾರದು. ಅದನ್ನೂ ಹೊಡೆದೆ. ಕಂತಿನ ಚೀಟಿಗೆ ದಾರಿ ಇತ್ತು. ಮಾರ್ಚ್‌ನಲ್ಲಿ ಮಗನ ಫೀಯೂ ಕಂತೂ ಒಂದೇ ವಾರ ಬೀಳುತ್ತವೆ. ಮುಂದಿನ ಒಂದೇ ಹೆಜ್ಜೆ ಬರೆದೆ. "ಶನಿವಾರ ಹತ್ತಕ್ಕೆ, ಆರ್‌ಡಿ ಯಾವಾಗ ಮುಗಿಯುತ್ತದೆ ಕೇಳುವುದು." ಇಡೀ ವರ್ಷದ ಲೆಕ್ಕ ಬಿಡಿಸಲು ಕೂಡಲಿಲ್ಲ. ಹೆಜ್ಜೆಗೆ ದಿನ, ಹೊತ್ತು ಇರಬೇಕು. "ಏನಾದರೂ ವ್ಯವಸ್ಥೆ ಮಾಡಬೇಕು" ಅನ್ನುವುದು ಹೆಜ್ಜೆಯಲ್ಲ, ಚಿಂತೆಯ ಇನ್ನೊಂದು ರೂಪ.

ಉಳಿದದ್ದು ಅವ್ವನ ಕಾಲು. ಡಾಕ್ಟರು ನೋಡಿದ್ದಾರೆ, ಡ್ರೆಸ್ಸಿಂಗ್ ಆಗಿದೆ, ಎರಡು ದಿನ ಬಿಟ್ಟು ಬರಲು ಹೇಳಿದ್ದಾರೆ. ಮಾಡುವುದು ಏನೂ ಉಳಿದಿಲ್ಲ. ಆದರೂ ಭಯ ಉಳಿದಿದೆ. ಇಂಥ ಚೀಟಿಯ ಮುಂದೆ ಸುಮ್ಮನೆ ಕೂಡಬೇಕು. ಓಡಬಾರದು, ಸಮಾಧಾನ ಹುಡುಕಬಾರದು. ಭಯ ಏನು ಅಂತ ಪೂರ್ತಿ ವಾಕ್ಯದಲ್ಲಿ ಬರೆದೆ. "ಅವ್ವನ ಕಾಲು ತೆಗೆಯಬೇಕಾಗಬಹುದು, ಆಕೆ ನಡೆಯದ ಹಾಗೆ ಆಗಬಹುದು." ಬರೆದಾಗ ಕಣ್ಣು ತುಂಬಿತು. ಬೋರ್ಕೊವೆಕ್ ಆಮೇಲೆ ಹೇಳಿದ ಒಂದು ಮಾತು ಇಲ್ಲಿ ಹೊಂದುತ್ತದೆ. ಚಿಂತೆ ಹೆಚ್ಚಾಗಿ ಮಾತಿನಲ್ಲಿ ನಡೆಯುತ್ತದೆ, ಚಿತ್ರದಲ್ಲಿ ಅಲ್ಲ. ಒಂದು "ಹಿಂಗಾದರೆ" ಇಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುವುದರಿಂದ, ನಿಜವಾಗಿ ಹೆದರಿಸುವ ಚಿತ್ರದ ಮುಂದೆ ನಾವು ನಿಲ್ಲುವುದೇ ಇಲ್ಲ. ನಿಲ್ಲದ ಕಾರಣ ಅದು ಹಳತೂ ಆಗುವುದಿಲ್ಲ. ಕುರ್ಚಿಯಲ್ಲಿ ಕೂತಾಗ ಆ ಚಿತ್ರದ ಮುಂದೆ ನಿಂತು ನೋಡಲು ಪುರುಸೊತ್ತು ಇರುತ್ತದೆ. ಆ ಚೀಟಿ ಹೊಡೆದು ಹಾಕಲಿಲ್ಲ. ಮರುದಿನಕ್ಕೆ ಹೋಯಿತು. ಅಲಾರಂ ಹೊಡೆಯಿತು, ಮೆಂತ್ಯೆ ಪಲ್ಲೆ ತರಲು ಹೋದೆ.

ಚೀಟಿಗಳನ್ನು ಕೆಲವು ವಾರ ಎಸೆಯದೆ ಇಟ್ಟುಕೊಂಡರೆ ಒಂದು ಲಾಭವಿದೆ. 2020ರಲ್ಲಿ ಪೆನ್ ಸ್ಟೇಟ್‌ನವರೇ ಆದ ಲೂಕಸ್ ಲಾಫ್ರೆನಿಯರ್ ಮತ್ತು ಮಿಷೆಲ್ ನ್ಯೂಮನ್ ಇಂಥದ್ದನ್ನು ಲೆಕ್ಕ ಹಾಕಿದರು. ಅತಿ ಚಿಂತೆಯ ಕಾಯಿಲೆ ಇರುವ 29 ಜನ ತಮ್ಮ ಚಿಂತೆಗಳನ್ನು ಬರೆದಿಟ್ಟು, ಮುಂದೆ ಅವು ನಿಜವಾದವಾ ಅಂತ ನೋಡಿದರು. ನೂರಕ್ಕೆ 91ರಷ್ಟು ನಿಜವಾಗಲಿಲ್ಲ. ಸಣ್ಣ ಗುಂಪು ಅದು, ಅದರಿಂದ ಎಲ್ಲರಿಗೂ ಇಷ್ಟೇ ಅಂತ ಹೇಳಲಾಗದು. ಈ ಅಂಕಿಯನ್ನು ಕಾಕಾಗೆ ಹೇಳಿದಾಗ ಅವರು ಕೂಡಲೇ "ಉಳಿದ ಒಂಬತ್ತರಾಗ ನಂದ ಇದ್ರ?" ಅಂದರು. ಅದಕ್ಕೇ ಅಂಕಿಗಿಂತ ಸ್ವಂತ ಚೀಟಿ ಲೇಸು. ಬೇರೆಯವರ 91 ನಮ್ಮ ಎದೆಗೆ ಇಳಿಯುವುದಿಲ್ಲ. ನಮ್ಮದೇ ಕೈಬರಹದಲ್ಲಿ "ಪ್ರಿನ್ಸಿಪಾಲ್, ಮಾತಾಡಿಸಲಿಲ್ಲ" ಅಂತ ತಿಂಗಳ ಮೇಲೆ ಓದಿದಾಗ ಇಳಿಯುತ್ತದೆ.

## ಯಾವಾಗ ಬಿಡಬೇಕು

ಇದು ಎಲ್ಲದಕ್ಕೂ ಹತ್ತುವ ಮದ್ದಲ್ಲ. ಮುಂದೆ ಏನಾಗುತ್ತದೋ ಅನ್ನುವ ಚಿಂತೆಗೆ ಇದು ಚೆನ್ನಾಗಿ ಹೊಂದುತ್ತದೆ. ಆದದ್ದನ್ನೇ ತಿರುತಿರುಗಿ ನೆನೆದು ತನ್ನನ್ನೇ ಬೈದುಕೊಳ್ಳುವ, ಯಾವುದರಲ್ಲೂ ರುಚಿ ಇಲ್ಲದ ಮನಸ್ಥಿತಿ ಬೇರೆ. ಅದರಲ್ಲಿ ಅರ್ಧ ತಾಸು ಒಬ್ಬರೇ ಕೂತರೆ ಇನ್ನೂ ಕೆಳಗೆ ಇಳಿಯಬಹುದು. ಕುರ್ಚಿಯಿಂದ ಎದ್ದಾಗ ಕೂಡುವ ಮುಂಚಿಗಿಂತ ಮನಸ್ಸು ಭಾರವಾಗಿರುವುದು ದಿನವೂ ನಡೆದರೆ ಅದೇ ಗುರುತು. ಕೈ ತೊಳೆದದ್ದನ್ನೇ ತೊಳೆಯುವ, ಗ್ಯಾಸ್ ಆಫ್ ಆಗಿದೆಯಾ ಅಂತ ಹತ್ತು ಸಲ ನೋಡುವ ಗೀಳು ಇರುವವರಿಗೆ ಈ ಆರು ಗಂಟೆಯೇ ಇನ್ನೊಂದು ವ್ರತವಾಗಿಬಿಡುವ ಅಪಾಯ ಇದೆ. ಆರು ತಿಂಗಳಿಂದ ಹೆಚ್ಚು ದಿನ ಚಿಂತೆಯಲ್ಲೇ ಕಳೆದು, ನಿದ್ದೆ, ಕೆಲಸ ಎರಡೂ ಕೆಟ್ಟಿದ್ದರೆ ಅದು ಡಾಕ್ಟರರ ಬಳಿ ಹೋಗುವ ವಿಷಯ. ಚೀಟಿ ಅಲ್ಲೂ ಜೊತೆಗಿರಲಿ, ಅಡ್ಡಿಯಿಲ್ಲ. ಎದೆನೋವನ್ನು ಯಾರೂ ಆರು ಗಂಟೆಗೆ ಮುಂದೂಡಬಾರದು. ಸಾಯಬೇಕು ಅನ್ನುವ ವಿಚಾರವನ್ನೂ ಮುಂದೂಡಬಾರದು. ಆ ಗಳಿಗೆಯಲ್ಲೇ ಮನೆಯವರಿಗೆ ಹೇಳಬೇಕು, ಇಲ್ಲವೇ 14416ಕ್ಕೆ ಫೋನ್ ಮಾಡಬೇಕು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಬೀಳುವುದಿಲ್ಲ.

ಇನ್ನೊಂದು ಕಳ್ಳದಾರಿ ಇದೆ. ಚೀಟಿ ಬರೆದ ಮೇಲೆ ಮನೆಯವರನ್ನು ಕೇಳುವುದು. "ಏನೂ ಆಗಲ್ಲ ಅಲ್ವಾ?" ಅವರು "ಏನೂ ಆಗಲ್ಲ" ಅನ್ನುತ್ತಾರೆ. ಹತ್ತು ನಿಮಿಷ ತಂಪು. ಆಮೇಲೆ ಮತ್ತೆ ಕೇಳಬೇಕು. ಫೋನಿನಲ್ಲಿ ಮೋಡ ನೋಡುವುದೂ ಇದೇ ಜಾತಿ. ಇವು ಮುಂದೂಡಿದ ಹಾಗೆ ಕಾಣುತ್ತವೆ, ಆದರೆ ಚಿಂತೆಗೆ ಆಗಲೇ ಕೂಳು ಹಾಕಿರುತ್ತವೆ. ಕಾಕಾಗೆ ಅತಿ ಕಷ್ಟವಾದದ್ದು ಇದೇ. ಕೊನೆಗೆ ಅವರ ಹೆಂಡತಿ, ನಮ್ಮ ಕಾಕು, ರಾತ್ರಿ ಕಾಕಾನ ಫೋನನ್ನು ಜೋಳದ ಚೀಲದ ಮೇಲೆ ಇಡಲು ಶುರು ಮಾಡಿದರು. ಮಳೆ ಬಂದರೆ ತಗಡಿನ ಸದ್ದು ಹೇಗೂ ಎಬ್ಬಿಸುತ್ತದೆ ಅಂತ ಅವರ ವಾದ. ಇದಕ್ಕೆ ಕಾಕಾನ ಹತ್ತಿರ ಉತ್ತರ ಇರಲಿಲ್ಲ.

ಕಾಕಾ ಈಗ ಇದನ್ನು ಹಂಗಾಮಿಗೆ ಮಾತ್ರ ಇಟ್ಟುಕೊಂಡಿದ್ದಾರೆ. ಅಕ್ಟೋಬರ್ ಚಾಟ್ನಿಯಿಂದ ಶೆಡ್ಡಿನಲ್ಲಿ ಒಣದ್ರಾಕ್ಷಿ ಇಳಿಯುವ ಏಪ್ರಿಲ್ ತನಕ. ಅರ್ಧ ತಾಸು ಇದ್ದದ್ದು ಕಾಲು ತಾಸಾಗಿದೆ. ಚಿಂತೆ ಪೂರ್ತಿ ಹೋಗಿಲ್ಲ, ಮೂರು ಎಕರೆ ದ್ರಾಕ್ಷಿ ಇಟ್ಟವನಿಗೆ ಹೋಗುವುದೂ ಇಲ್ಲ. ರಾತ್ರಿ ಏಳುವುದು ಕಡಿಮೆಯಾಗಿದೆ.

## ಕಾಕುವಿನ ಹೊತ್ತು

ಇದೆಲ್ಲ ನಡೆಯುವಾಗ ಕಾಕು ಒಂದು ದಿನ ಕೇಳಿದರು. "ನಿಮ್ಮ ಕಾಕಾಗ ಆರಕ್ಕ ಕುರ್ಚಿ, ಆರೂವರಿಗೆ ಚಹಾ. ಆ ಚಹಾ ಮಾಡಾಕಿ ಯಾವಾಗ ಚಿಂತಿ ಮಾಡಬೇಕವಾ?" ಪುಸ್ತಕದ ನಿಯಮ ಬರೆದವರು ಇದನ್ನು ಯೋಚಿಸಿದ ಹಾಗಿಲ್ಲ. ಯಾರೂ ಕರೆಯದ ಅರ್ಧ ತಾಸು, ಯಾರೂ ಬಾರದ ಒಂದು ಮೂಲೆ, ಇವು ಎಲ್ಲರ ಮನೆಯಲ್ಲೂ ಎಲ್ಲರಿಗೂ ಸಿಗುವ ಸಾಮಾನಲ್ಲ. ಹೊಲದ ಮನೆಯ ಹೆಂಗಸಿಗೆ ಸಂಜೆ ಆರು ಅಂದರೆ ಹಾಲು ಹಿಂಡುವ ಹೊತ್ತು. ಹಾಗಾಗಿ ಹೊತ್ತನ್ನು ಅವರೇ ಹುಡುಕಿಕೊಂಡರು. ಮಧ್ಯಾಹ್ನ ಮೂರು ಗಂಟೆಗೆ ಉಂಡವರೆಲ್ಲ ಮಲಗಿರುತ್ತಾರೆ. ಹಿತ್ತಲ ಕಟ್ಟೆ ಖಾಲಿ ಇರುತ್ತದೆ. ಕಾಲು ತಾಸು ಸಾಕು.

ಚೀಟಿ ಮಾತ್ರ ಆಗುವಂತಿರಲಿಲ್ಲ, ಅವರಿಗೆ ಬರೆಯಲು ಬರುವುದಿಲ್ಲ. ಅವರು ಒಂದು ಸಣ್ಣ ವಾಟಿ ಇಟ್ಟುಕೊಂಡಿದ್ದಾರೆ. ಚಿಂತೆ ಬಂದಾಗ ಅದರೊಳಗೆ ಒಂದು ಜೋಳದ ಕಾಳು. ಮೂರು ಗಂಟೆಗೆ ಒಂದೊಂದೇ ತೆಗೆದು ಇದು ಯಾವುದರದು ಅಂತ ನೆನೆಯುತ್ತಾರೆ. ನೆನಪಾಗದ ಕಾಳು ವಾಪಸ್ ಜೋಳದ ಚೀಲಕ್ಕೆ. ಕಾಳಿನಲ್ಲಿ ಕೆಲಸದ ಚಿಂತೆ, ಬರೀ ಚಿಂತೆ ಅಂತ ಬೇರೆ ಮಾಡಲಾಗುವುದಿಲ್ಲವಲ್ಲ ಕಾಕು, ಅಂತ ನಾನು ಕೇಳಿದೆ. ಅವರು ನನ್ನನ್ನು ಒಮ್ಮೆ ನೋಡಿದರು. "ಕೆಲಸ ಇದ್ರ ಕಾಳ್ಯಾಕ ಹಾಕ್ಲಿ? ನಿಮ್ಮ ಕಾಕಾನ ಕೂಗತೀನಿ."